ಮೈಸೂರಿನ ಮನೆ ನಿರ್ಮಾಣ ಕರಾರು – ಕಲಂ 17: ವ್ಯಾಜ್ಯದ ಖರ್ಚು ಮತ್ತು ವಕೀಲರ ಶುಲ್ಕ

17.1 ಈ ಕರಾರಿನ ಒಟ್ಟು ಮೊತ್ತ 48,00,000 ರೂಪಾಯಿ. ಮನೆಗೆ ತೆಗೆದಿಟ್ಟ ಹಣವೂ ಗುತ್ತಿಗೆದಾರರು ದುಡಿದ ಕೂಲಿಯೂ ವ್ಯಾಜ್ಯದ ಖರ್ಚಿಗೆ ಕರಗಿಹೋಗಬಾರದೆಂಬುದೇ ಈ ಕಲಮಿನ ಉದ್ದೇಶವಾಗಿದ್ದು, ಇದನ್ನು ಆ ಉದ್ದೇಶಕ್ಕೆ ಅನುಗುಣವಾಗಿ ಅರ್ಥೈಸತಕ್ಕದ್ದು.

17.2 ಕಲಂ 16ರ ಪ್ರಕಾರ ಮೈಸೂರಿನಲ್ಲಿ ಒಬ್ಬರೇ ಮಧ್ಯಸ್ಥಗಾರರ ಮುಂದೆ ನಡೆಯುವ ವಿಚಾರಣೆಯಲ್ಲಿ, ಮಧ್ಯಸ್ಥಗಾರರ ಶುಲ್ಕದ ಮುಂಗಡವನ್ನು ಮಾಲೀಕರೂ ಗುತ್ತಿಗೆದಾರರೂ ಸಮಪಾಲಾಗಿ ಕಟ್ಟತಕ್ಕದ್ದು. ಒಬ್ಬರು ತಮ್ಮ ಪಾಲು ಕಟ್ಟದೆ ಮತ್ತೊಬ್ಬರು ಅದನ್ನೂ ಕಟ್ಟಿದಲ್ಲಿ, ಆ ಹಣವನ್ನು ಐತೀರ್ಪಿನ ಲೆಕ್ಕದಲ್ಲಿ ಕಟ್ಟಿದವರಿಗೆ ಸೇರಿಸತಕ್ಕದ್ದು.

17.3 ವ್ಯಾಜ್ಯದ ಖರ್ಚನ್ನು ಸಾಮಾನ್ಯವಾಗಿ ಸೋತವರು ಗೆದ್ದವರಿಗೆ ಕೊಡತಕ್ಕದ್ದು. ಆದರೆ ಬೇಡಿಕೆಯ ಒಂದು ಭಾಗ ಮಾತ್ರ ಸಾಬೀತಾದಾಗ, ಆಧಾರವಿಲ್ಲದ ಪ್ರತಿಬೇಡಿಕೆಯಿಂದ ವಿಚಾರಣೆ ಎಳೆದಾಡಿದಾಗ, ಇಲ್ಲವೆ ನ್ಯಾಯವಾದ ರಾಜಿ ಪ್ರಸ್ತಾವವನ್ನು ತಳ್ಳಿಹಾಕಿದಾಗ, ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಅಧಿನಿಯಮ, 1996ರ 31ಎ ಪ್ರಕರಣದ ಮೇರೆಗೆ ಮಧ್ಯಸ್ಥಗಾರರು ಕಾರಣ ಬರೆದು ಬೇರೆ ರೀತಿಯಲ್ಲಿ ಹಂಚಬಹುದು. ಗೆಲುವು ಯಾರದೇ ಆಗಿರಲಿ, ಖರ್ಚು ಮಾತ್ರ ಇಂಥವರೇ ಹೊರಬೇಕೆಂಬ ಷರತ್ತು ವಿವಾದ ಹುಟ್ಟಿದ ಮೇಲೆ ಮಾಡಿಕೊಂಡಿದ್ದರೆ ಮಾತ್ರ ಅದೇ ಪ್ರಕರಣದಡಿ ಊರ್ಜಿತವಾಗುವುದರಿಂದ, ಅಂಥ ಷರತ್ತನ್ನು ಉಭಯರೂ ಇಲ್ಲಿ ತಿಳಿದೇ ಸೇರಿಸಿಲ್ಲ.

17.4 ಖರ್ಚು ಎಂದರೆ ಮಧ್ಯಸ್ಥಗಾರರ ಶುಲ್ಕ, ವಕೀಲರ ಶುಲ್ಕ, ಸಾಕ್ಷಿಗಳ ಪ್ರಯಾಣವೆಚ್ಚ ಮತ್ತು ಬಿರುಕು, ಸೋರಿಕೆ, ಕಾಂಕ್ರೀಟಿನ ಗುಣಮಟ್ಟ ಮುಂತಾದವನ್ನು ಪರೀಕ್ಷಿಸಿ ವರದಿ ಕೊಡುವ ಸ್ಟ್ರಕ್ಚರಲ್ ಎಂಜಿನಿಯರರ ಶುಲ್ಕ. ಕೆಲಸ ತಡವಾದ್ದರಿಂದ ಮಾಲೀಕರು ಕಟ್ಟಿದ ಬಾಡಿಗೆ, ಬಾಕಿ ಬಾರದೆ ಗುತ್ತಿಗೆದಾರರು ತೆತ್ತ ಸಾಲದ ಬಡ್ಡಿ ಇವು ಖರ್ಚಲ್ಲ. ಅವನ್ನು ನಷ್ಟಪರಿಹಾರವಾಗಿ ಪ್ರತ್ಯೇಕವಾಗಿ ಕೇಳಿ ರುಜುವಾತುಪಡಿಸತಕ್ಕದ್ದು.

17.5 ವಕೀಲರ ಶುಲ್ಕವನ್ನು ರಸೀದಿ ಅಥವಾ ಬ್ಯಾಂಕ್ ಪಾವತಿಯ ದಾಖಲೆಯಿಂದ ತೋರಿಸಿದಷ್ಟಕ್ಕೆ, ಅದರಲ್ಲೂ ವಿವಾದದ ಮೊತ್ತಕ್ಕೆ ತಕ್ಕಷ್ಟಕ್ಕೆ ಮಾತ್ರ ಮಂಜೂರು ಮಾಡಬೇಕೆಂದೂ, ಒಬ್ಬರಿಂದ ಮತ್ತೊಬ್ಬರಿಗೆ ಕೊಡಿಸುವ ವಕೀಲರ ಶುಲ್ಕ 1,50,000 ರೂಪಾಯಿ ಮೀರಬಾರದೆಂದೂ ಉಭಯರು ಒಪ್ಪಿದ್ದಾರೆ. ಹೆಚ್ಚು ಶುಲ್ಕದ ವಕೀಲರನ್ನು ನೇಮಿಸಿಕೊಳ್ಳಲು ಯಾರಿಗೂ ಅಡ್ಡಿಯಿಲ್ಲ; ಮೇಲಿನ ಹಣ ಅವರವರದು.

17.6 ಯಾರಾದರೂ ಇತ್ಯರ್ಥಕ್ಕಾಗಿ ಖಚಿತ ಮೊತ್ತವನ್ನು ಲಿಖಿತವಾಗಿ ಸೂಚಿಸಿ 21 ದಿನ ಕಾಲಾವಕಾಶ ಕೊಟ್ಟಿದ್ದು, ಎದುರಿನವರು ಅದನ್ನು ಒಪ್ಪದೆ, ಕೊನೆಗೆ ಐತೀರ್ಪಿನಲ್ಲಿ ಅದಕ್ಕಿಂತ ಹೆಚ್ಚಿನ ಅನುಕೂಲ ಪಡೆಯದಿದ್ದರೆ, ಆ ಅವಧಿ ಮುಗಿದ ದಿನದಿಂದಾಚೆಗಿನ ಉಭಯರ ಖರ್ಚನ್ನೂ ಒಪ್ಪದವರಿಂದಲೇ ಕೊಡಿಸುವುದು ನ್ಯಾಯವೆಂದು ಉಭಯರು ಭಾವಿಸಿ, ಮಧ್ಯಸ್ಥಗಾರರು ಇದನ್ನು ಗಮನಿಸಬೇಕೆಂದು ಕೋರುತ್ತಾರೆ. ಅಂಥ ಪ್ರಸ್ತಾವ ತಪ್ಪೊಪ್ಪಿಗೆಯಲ್ಲ. ಖರ್ಚಿನ ಪ್ರಶ್ನೆ ಬರುವವರೆಗೆ ಅದನ್ನು ಮಧ್ಯಸ್ಥಗಾರರ ಮುಂದಿಡತಕ್ಕದ್ದಲ್ಲ.

17.7 ಮಧ್ಯಂತರ ಆದೇಶಕ್ಕಾಗಲಿ, ಐತೀರ್ಪನ್ನು ಪ್ರಶ್ನಿಸಲಾಗಲಿ ನ್ಯಾಯಾಲಯಕ್ಕೆ ಹೋದಲ್ಲಿ, ಅಲ್ಲಿನ ಖರ್ಚನ್ನು ನ್ಯಾಯಾಲಯವೇ ಕಾನೂನಿನಂತೆ ನಿರ್ಧರಿಸುತ್ತದೆ.

17.8 ಕರಾರು ರದ್ದಾದರೂ, ಕಾಮಗಾರಿ ಅರ್ಧಕ್ಕೆ ನಿಂತರೂ ಈ ಕಲಂ ಜಾರಿಯಲ್ಲಿರುತ್ತದೆ.