ಉಪ್ಪು ಸಾಲದು

ಅಜ್ಜಿ ಫೋನಿನಲ್ಲಿ ತೆಗೆದ ಮೊದಲ ಚಿತ್ರದಲ್ಲಿ ಅವರ ಹೆಬ್ಬೆರಳೇ ಬಂತು. ಎರಡನೆಯದರಲ್ಲಿ ಅಡುಗೆಮನೆಯ ಮಾಡು. ಹನ್ನೊಂದನೆಯದರಲ್ಲಿ ಅಂತೂ ಭರಣಿ ಬಂತು. ಅದರ ಬಾಯಿಯವರೆಗೆ ತೊಟ್ಟು ಸಮೇತ ಅಪ್ಪೆಮಿಡಿ, ಮೇಲೊಂದು ಪದರ ಕಲ್ಲುಪ್ಪು. ಹಿಂದುಗಡೆ ಹಗ್ಗದ ಮೇಲೆ ಒಣಗುತ್ತಿದ್ದ ಅಜ್ಜನ ಪಂಚೆಯೂ ಬಂದಿತ್ತು.

"ಪಂಚೆಯನ್ನು ಕತ್ತರಿಸಿಬಿಡಲೇ ಅಜ್ಜಿ?" ಎಂದು ಕೇಳಿದೆ.

"ಗಟ್ಟಿಮುಟ್ಟಾದ ಪಂಚೆ. ಅದನ್ನು ಯಾಕೆ ಕತ್ತರಿಸುತ್ತೀಯೆ?"

ಪಂಚೆ ಉಳಿಯಿತು. ಫೇಸ್‌ಬುಕ್ಕಿಗೆ ಹಾಕುವಾಗ ಚಿತ್ರದ ಮೇಲೆ ಏನು ಬರೆಯಬೇಕೆಂದು ನನಗೆ ಹೇಳಿಕೊಡುವ ಅವಕಾಶವನ್ನೇ ಅಜ್ಜಿ ಕೊಡಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಅರ್ಧ ಗಂಟೆ ಕುಳಿತರು: "ಉಭಯ ಕುಶಲೋಪರಿ. ರಿಪ್ಪನ್‌ಪೇಟೆಯಿಂದ 300 ಮಿಡಿ ತರಿಸಿ ಉಪ್ಪಿಗೆ ಹಾಕಿದ್ದೇನೆ. ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ." ಎಪ್ಪತ್ತನಾಲ್ಕು ವರ್ಷದವರು ಇನ್ನು ಯಾವ ಹಿರಿಯರಿಗೆ ನಮಸ್ಕರಿಸಬೇಕು ಎಂದು ನಾನು ಕೇಳಲಿಲ್ಲ.

ಸಂಜೆಯ ಕಾಫಿಯ ಹೊತ್ತಿಗೆ ಉತ್ತರಗಳು ಬಂದವು. ಅಜ್ಜಿ ಕನ್ನಡಕ ಒರೆಸಿಕೊಂಡು, ಹಿಂದೆ ಅಂಚೆಯವನು ತರುತ್ತಿದ್ದ ಕಾಗದಗಳನ್ನು ಓದುತ್ತಿದ್ದಂತೆ ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದರು. ಬೆಂಗಳೂರಿನ ಚಿಕ್ಕಪ್ಪನ ಮಗ ಬಾಯಲ್ಲಿ ನೀರೂರಿಸುವ ಹಳದಿ ಮುಖವೊಂದನ್ನು ಕಳಿಸಿದ್ದ. "ಅವನ ಮಗುವಿಗೆ ಹಲ್ಲು ಬರುತ್ತಿರಬೇಕು, ಜೊಲ್ಲು ಸುರಿಸುತ್ತಿದೆ" ಎಂದರು. ಯಾರೋ ಅಪರಿಚಿತರು "ಕೆಜಿಗೆ ಎಷ್ಟು?" ಎಂದು ಕೇಳಿದ್ದರು. ಅದಕ್ಕೆ ಮಾತ್ರ ಸಿಟ್ಟು ಬಂತು. ಮಾರುವುದಕ್ಕಿಟ್ಟದ್ದು ಎಂದುಕೊಂಡರಲ್ಲ ಎಂದಲ್ಲ. "ಮಿಡಿಯನ್ನು ಯಾರಾದರೂ ತೂಗುತ್ತಾರೆಯೇ? ನೂರರ ಲೆಕ್ಕದಲ್ಲಿ ಎಣಿಸುವುದು ಎಂದು ಬರೆ" ಎಂದರು. ಬರೆದೆ. ಉಳಿದವರಿಗೂ ಒಬ್ಬೊಬ್ಬರಿಗೇ ಕ್ಷೇಮಸಮಾಚಾರ ಬರೆಸಿದರು. ಬರಿಯ ಹೆಬ್ಬೆರಳು ತೋರಿಸಿದವರಿಗೂ ಬಿಡಲಿಲ್ಲ.

ಕೊನೆಯದನ್ನು ಓದುವಾಗ ಅವರ ಧ್ವನಿ ನಿಂತಿತು. ನಾನು ಬಗ್ಗಿ ನೋಡಿದೆ. ಬೈಕಿನ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ಹುಡುಗನ ಚಿತ್ರ, ಅದರ ಪಕ್ಕದಲ್ಲಿ: "ಪೇಟೆಯ ಮಿಡಿ. ತೊಟ್ಟು ನೋಡಿದರೇ ತಿಳಿಯುತ್ತದೆ. ಉಪ್ಪು ಸಾಲದು."

"ಈ ಹುಡುಗನಿಗೇನು ಗೊತ್ತು ಉಪ್ಪಿನಕಾಯಿ?" ಎಂದೆ.

"ಹುಡುಗನಲ್ಲ. ಅಕ್ಕ."

ಅಕ್ಕ ಎಂದರೆ ಅಜ್ಜಿಯ ಓರಗಿತ್ತಿ, ನಮ್ಮ ದೊಡ್ಡಜ್ಜಿ. ಹಿಸ್ಸೆಯಾಗಿ ಹದಿನಾಲ್ಕು ವರ್ಷ. ತೋಟ, ಪಾತ್ರೆ, ದನ ಎಲ್ಲವನ್ನೂ ಪಾಲು ಮಾಡಿದ್ದರು; ಹೊಳೆದಂಡೆಯ ಮಿಡಿಮರವನ್ನು ಸೀಳಲಾಗದೆ ಅದು ಇಡಿಯಾಗಿ ದೊಡ್ಡಜ್ಜಿಯ ಪಾಲಿಗೆ ಹೋಗಿತ್ತು. ಅದರ ಮಿಡಿ ಮೂರು ವರ್ಷ ಇಟ್ಟರೂ ಕಚ್ಚಿದಾಗ ಕಟಕ್ ಎನ್ನುತ್ತಿತ್ತಂತೆ. ಆ ವರ್ಷದಿಂದ ನಮ್ಮ ಮನೆಗೆ ಮಿಡಿ ಬರುವುದು ಬಸ್ಸಿನಲ್ಲಿ. ದೊಡ್ಡಜ್ಜಿಯ ಮಾತು ಮದುವೆ ಮುಂಜಿಗಳಲ್ಲಿ ಕಂಬದ ಆಚೆಯಿಂದ ಬೇರೆಯವರ ಮೂಲಕ ಬರುತ್ತಿತ್ತು. ಈಗ ಮೊಮ್ಮಗನ ಮೊಬೈಲಿನ ಮೂಲಕ ಬಂದಿದೆ.

ಅಜ್ಜಿ ಏನನ್ನೂ ಬರೆಸಲಿಲ್ಲ. ಊಟವಾಯಿತು, ಪಾತ್ರೆ ತೊಳೆದಾಯಿತು. ನಾನು ನೀರು ಕುಡಿಯಲು ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಣಗಿದ ಸೌಟಿನಿಂದ ಒಂದು ಮಿಡಿ ತೆಗೆದು ಬೆಳಕಿಗೆ ಹಿಡಿದಿದ್ದರು. ಉಪ್ಪಿಗೆ ಬಿದ್ದು ಎಂಟು ದಿನವಾಗಿತ್ತು. ಇಷ್ಟರಲ್ಲಿ ನೀರು ಬಿಟ್ಟುಕೊಂಡು ಸಿಪ್ಪೆ ಸುಕ್ಕಬೇಕಿತ್ತು. ಆ ಮಿಡಿ ಮೊನ್ನೆ ಕೊಯ್ದದ್ದರಂತೆ ಉಬ್ಬಿಕೊಂಡೇ ಇತ್ತು.

"ನೋಡು, ಚಿತ್ರ ನೋಡಿ ಹೇಳಿಬಿಟ್ಟಳು ಮಹಾತಾಯಿ" ಎನ್ನುತ್ತಾ ಎರಡು ಬೊಗಸೆ ಉಪ್ಪು ಸುರಿದರು. ಭರಣಿಯನ್ನು ಅಪ್ಪಿ ಹಿಡಿದು ಕುಲುಕಿದರು. ಆಮೇಲೆ ಫೋನು ಕೇಳಿದರು.

ಈ ಸಲ ಉಭಯ ಕುಶಲೋಪರಿ ಇರಲಿಲ್ಲ. "ಹಾಕಿದೆ. ಮರ ಈ ವರ್ಷ ಕಾಯಿ ಹಿಡಿದಿದೆಯೇ?"

ಬೆಳಿಗ್ಗೆ ದೋಸೆ ಎರೆಯುವಾಗ ಬೈಕಿನ ಹುಡುಗನಿಂದ ಉತ್ತರ ಬಂದಿತ್ತು. "ರೆಂಬೆ ಬಾಗುವಷ್ಟು ಹಿಡಿದಿದೆ. ಮರ ಹತ್ತಿ ಕೊಯ್ಯುವವರಿಲ್ಲ. ಉದುರಿ ಹಾಳಾಗುತ್ತಿದೆ."

ಅಜ್ಜಿ ಅದನ್ನು ಮನಸ್ಸಿನಲ್ಲೇ ಓದಿಕೊಂಡರು. ಕಾವಲಿಯ ಮೇಲಿನ ದೋಸೆ ಸೀದುಹೋಯಿತು. ನೆಲಕ್ಕೆ ಬಿದ್ದ ಮಿಡಿ ಒಂದೇ ಒಂದು ಭರಣಿಗೆ ಸೇರಿದರೂ ಇಡೀ ಭರಣಿ ಕೊಳೆಯುತ್ತದೆ. ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಇಳಿಸಬೇಕು ಎಂದು ನನಗೆ ಹೇಳಿಕೊಟ್ಟವರೇ ಅವರು. ಆ ಬುಟ್ಟಿ ಇನ್ನೂ ನಮ್ಮ ಅಟ್ಟದ ಮೇಲಿದೆ.

ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಹತ್ತಿರ ಕರೆದು, ಪರದೆಯ ಮೇಲಿನ ನೀಲಿ ಹೆಬ್ಬೆರಳನ್ನು ಮುಟ್ಟದ ಹಾಗೆ ತೋರಿಸಿ ಕೇಳಿದರು:

"ಇದನ್ನು ಒತ್ತಿದರೆ ನೋಡಿದೆ ಎಂದಷ್ಟೇ ಆಗುತ್ತದೆಯೋ, ಬರುತ್ತೇನೆ ಎಂದಂತೆ ಆಗುತ್ತದೆಯೋ?"