ಹಂಚಿನ ಕಾವು

ಗಂಗಾವತಿಯ ಆ ಮನೆಯಲ್ಲಿ ದೋಸೆ ಹಿಟ್ಟು ಚೆನ್ನಾಗಿ ಉಬ್ಬಿತ್ತು. ಗೌರಿ ಸೌಟು ಎತ್ತಿದ್ದೇ ತಡ, ಅಜ್ಜಿ ಕೈ ಹಿಡಿದಳು.

“ತಡಿಯವ್ವ. ಹಂಚು ಕಾದೈತೇನು?”

“ಹೊಗಿ ಬಂದಿಲ್ಲಲ್ಲ ಅಜ್ಜಿ.”

“ಹೊಗಿ ಬಂದ್ರ ಮುಗೀತು. ಅಂಗೈ ಹಿಡಿ. ಮುಟ್ಟಬ್ಯಾಡ, ಅರ್ಧ ಗೇಣು ಮ್ಯಾಲ.”

ಬಿಸಿ ಸುಮ್ನೆ ಬೆಚ್ಚಗೆ ತಾಗಿತು. ಅಜ್ಜಿ ನೀರು ಚಿಮುಕಿಸಿದಳು. ಹನಿಗಳು ಕೂತಲ್ಲೇ ಕೂತವು.

“ಇನ್ನೂ ಕಾದಿಲ್ಲ.”

ಸ್ವಲ್ಪ ಹೊತ್ತಿಗೆ ಮತ್ತೆ ನೀರು. ಈ ಸಲ ಹನಿಗಳು ಹಂಚಿಗೆ ಅಂಟದೆ ಮಣಿಗಳ ಹಾಗೆ ಓಡಾಡಿದವು. ಗೌರಿಗೆ ಖುಷಿಯೋ ಖುಷಿ. ಅಜ್ಜಿ ಮಾತ್ರ ಉರಿ ತಗ್ಗಿಸಿದಳು.

“ಜಾಸ್ತಿ ಆತು. ಈಗ ಹಾಕಿದ್ರ ಹಿಟ್ಟು ಸೌಟಿಗೇ ಸುತ್ಕೊಂತೈತಿ, ಹರಡಂಗಿಲ್ಲ.”

ನೀರು ಹೊಡೆದು, ಅರ್ಧ ಉಳ್ಳಾಗಡ್ಡಿಯಿಂದ ಎಣ್ಣೆ ಸವರಿದಳು. ಮತ್ತೊಂದು ಹನಿ. ಚುಂಯ್ ಅಂತ ಅಲ್ಲೇ ಆರಿತು. ಗೌರಿ ಹೇಳಿಸಿಕೊಳ್ಳದೆ ಅಂಗೈ ಹಿಡಿದಳು.

“ಈಗ ಹೆಂಗೈತಿ?”

“ಮೂರು ಎಣಿಸೋತನ ತಡಕೊಂಡೆ. ಆಮ್ಯಾಲ ಕೈ ತಾನೇ ಹಿಂದ ಬಂತು.”

“ಹಾಕು ಮತ್ತ!”

ಹಿಟ್ಟು ಸರ್ರನೆ ಹರಡಿತು, ಮೈತುಂಬ ತೂತು ಬಿದ್ದವು. ಎತ್ತುವಾಗ ಅಂಚು ಒಂಚೂರು ಹರಿಯಿತು. ಅದು ತಮ್ಮನ ತಟ್ಟೆಗೆ ಹೋಯಿತು.