ಫ್ರಾಕಿನ ಅಡಿಯ ಚುಕ್ಕಿಗಳು

ಫೋಟೋ ತೆಗೆದದ್ದು ರಂಗೋಲಿಗೋಸ್ಕರ ಅಲ್ಲ. ಎರಡು ವರ್ಷದ ಮಗುವಿಗೋಸ್ಕರ. 1984ರ ಸಂಕ್ರಾಂತಿಯ ದಿನ ಅರಸೀಕೆರೆಯ ಮನೆಯ ಮುಂದೆ ಮಗುವನ್ನು ಕೂರಿಸಿ ಯಾರೋ ಕ್ಲಿಕ್ಕಿಸಿದ್ದರು. ಆ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ ಮಾತ್ರ. ರಂಗೋಲಿಗೆ ಅಂತ ಒಂದು ಫೋಟೋ ಖರ್ಚು ಮಾಡುವವರು ಯಾರಿದ್ದರು? ಮಗು ಮಾತ್ರ ನೇರವಾಗಿ ಹೋಗಿ ರಂಗೋಲಿಯ ಮೇಲೇ ಕೂತಿತ್ತು. ಅದರ ಅಗಲವಾದ ಫ್ರಾಕು ಬಲಗಡೆಯ ಕೆಳಮೂಲೆಯನ್ನೆಲ್ಲ ಮುಚ್ಚಿತ್ತು.

ಆ ಮಗು ಸಮರ್ಥನ ಅಮ್ಮ.

"ಈ ರಂಗೋಲಿ ನಮ್ಮತ್ತೆ ಹಾಕಿದ್ದು" ಎಂದರು ಅಜ್ಜಿ, ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು. "ಸಂಕ್ರಾಂತಿ ದಿನ ಮಾತ್ರ ಹಾಕೋರು. ನನ್ನ ಪುಸ್ತಕದಲ್ಲಿ ಇನ್ನೂರು ರಂಗೋಲಿ ಇವೆ, ಇದೊಂದಿಲ್ಲ. ನಾಳೆ ಬರ್ಕೊಳ್ಳೋಣ, ನಾಳೆ ಬರ್ಕೊಳ್ಳೋಣ ಅಂತಲೇ ಹೋಯ್ತು. ಅವರೂ ಹೋದ್ರು."

ಹಬ್ಬಕ್ಕೆ ಇನ್ನು ಮೂರು ದಿನ ಇತ್ತು. ಸಮರ್ಥ ಏನೂ ಹೇಳಲಿಲ್ಲ. ಫೋಟೋ ಇಸ್ಕೊಂಡು, ಅಮ್ಮನ ಫೋನಿನಲ್ಲಿ ಅದರ ಫೋಟೋ ತೆಗೆದು, ದೊಡ್ಡದು ಮಾಡಿ ನೋಡುತ್ತಾ ಕೂತ.

ಮೊದಲು ಅವನು ತನ್ನ ಗಣಿತದ ಚೌಕಳಿ ಪುಸ್ತಕ ತೆಗೆದ. ಚೌಕದ ಮೂಲೆಗೊಂದು ಚುಕ್ಕಿ ಇಟ್ಟರೆ ಆಯ್ತು ಅಂದುಕೊಂಡಿದ್ದ. ಆಗಲಿಲ್ಲ. ಫೋಟೋದಲ್ಲಿ ಹತ್ತಿರದ ಸಾಲುಗಳು ಬಿಡಿಬಿಡಿಯಾಗಿದ್ದವು, ದೂರದ ಸಾಲುಗಳು ಒತ್ತೊತ್ತಾಗಿದ್ದವು. ಎಡ ಬಲದ ಅಂಚುಗಳು ಮೇಲೆ ಹೋಗುತ್ತಾ ಒಳಕ್ಕೆ ಬಾಗಿದ್ದವು. ನಿಂತುಕೊಂಡು ಓರೆಯಾಗಿ ತೆಗೆದ ಫೋಟೋ, ಹಾಗೇ ಬರೋದು. ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಹಳಿ ನೋಡಿದರೆ ದೂರದಲ್ಲಿ ಎರಡೂ ಹತ್ತಿರವಾದ ಹಾಗೆ ಕಾಣುತ್ತವಲ್ಲ, ಹಾಗೆ. ಆದ್ದರಿಂದ ಸ್ಕೇಲು ಇಟ್ಟು ಅಳೆಯುವುದನ್ನು ಬಿಟ್ಟ. ಅಳತೆ ಸುಳ್ಳು ಹೇಳಿದರೂ ಎಣಿಕೆ ಸುಳ್ಳು ಹೇಳೋದಿಲ್ಲ. ಸಾಲು ಎಷ್ಟು, ಸಾಲಿಗೆ ಚುಕ್ಕಿ ಎಷ್ಟು, ಅಷ್ಟೇ ಬರೆದುಕೊಳ್ಳತೊಡಗಿದ.

ಮೇಲಿನ ಸಾಲು 4. ಆಮೇಲೆ 5. ಆಮೇಲೆ 6. ನಡುವಿನದು 7. ಅಲ್ಲಿಂದ ಕೆಳಗೆ ಫ್ರಾಕು ಶುರು. ಐದನೇ ಸಾಲಿನಲ್ಲಿ ಕಾಣುವುದು 4, ಆರನೆಯದರಲ್ಲಿ 2, ಏಳನೆಯದರಲ್ಲಿ ಒಂದೇ ಒಂದು.

"ಅಜ್ಜಿ, ಈ ಚುಕ್ಕಿಗಳು ಒಂದರ ಕೆಳಗೆ ಒಂದು ಬರ್ತಾ ಇಲ್ಲ."

"ಬರಲ್ಲ ಮರಿ. ನೇರ ಚುಕ್ಕಿ ಅಲ್ಲ ಇದು, ಸಂದು ಚುಕ್ಕಿ. ಮೇಲಿನ ಎರಡು ಚುಕ್ಕಿ ಮಧ್ಯದ ಸಂದಿಯಲ್ಲಿ ಕೆಳಗಿನದು ಇಡಬೇಕು." ಅಜ್ಜಿ ಅವನ ಹಾಳೆ ನೋಡಿದರು. "7 ಚುಕ್ಕಿ, 4ಕ್ಕೆ ನಿಲ್ಲಿಸು, ಸಂದು ಚುಕ್ಕಿ. ಅಷ್ಟು ಹೇಳಿದ್ರೆ ಸಾಕು, ಯಾವ ಊರಲ್ಲಿ ಬೇಕಾದ್ರೂ ಹಾಕ್ತಾರೆ."

ಒಂದು ಸಾಲಿನ ಮಾತಿನಲ್ಲಿ ಎಲ್ಲ ಚುಕ್ಕಿಯೂ ಇತ್ತು! ನಡುವೆ 7, ಎರಡೂ ಕಡೆ ಒಂದೊಂದೇ ಕಡಿಮೆಯಾಗುತ್ತಾ 4ಕ್ಕೆ ಬಂದು ನಿಲ್ಲುವುದು. 4, 5, 6, 7, 6, 5, 4. ಒಟ್ಟು 37. ಕಾಣುತ್ತಿದ್ದವು 29. ಹಾಗಾದರೆ ಅಮ್ಮನ ಫ್ರಾಕಿನ ಅಡಿ ಇದ್ದದ್ದು 8.

ಸಮರ್ಥ ಚೌಕಳಿ ಹಾಳೆಯಲ್ಲಿ ಎರಡು ಮನೆಗೊಂದು ಚುಕ್ಕಿ ಇಟ್ಟ. ಮುಂದಿನ ಸಾಲನ್ನು ಎರಡು ಮನೆ ಕೆಳಗೆ ತಂದು, ಒಂದು ಮನೆ ಪಕ್ಕಕ್ಕೆ ಸರಿಸಿದ. ಪ್ರತಿ ಚುಕ್ಕಿಗೂ ಒಂದು ವಿಳಾಸ ಕೊಟ್ಟ. ಮೊದಲು ಸಾಲು, ಆಮೇಲೆ ಎಡಗಡೆಯಿಂದ ಎಷ್ಟನೆಯದು ಎಂದು. ನಟ್ಟನಡುವಿನದು 4-4. ಈಗ ಎಳೆಗಳನ್ನು ಹೀಗೆ ಬರೆದುಕೊಳ್ಳಬಹುದಿತ್ತು: 4-4ರಿಂದ ಹೊರಟು 3-3, 2-2, 1-1. ಅಲ್ಲಿಂದ ಕೊಕ್ಕೆಯ ಹಾಗೆ ತಿರುಗಿ 1-2ಕ್ಕೆ ಬಂದು ನಿಲ್ಲುತ್ತದೆ. ಇನ್ನೊಂದು 4-4ರಿಂದ ಎಡಕ್ಕೆ 4-1ರವರೆಗೆ, ಅಲ್ಲಿಂದ ಕೊಕ್ಕೆ ಮೇಲಕ್ಕೆ, 3-1ಕ್ಕೆ. ಮೂರನೆಯದು 5-3, 6-2, 7-1. ಅಲ್ಲಿಂದ 6-1ಕ್ಕೆ.

ಎಡಗಡೆಯ ಮೂರು ಎಳೆಗಳೂ ಪೂರ್ತಿ ಸಿಕ್ಕವು. ಬಲಗಡೆ ಇನ್ನೇನು, ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತದೆ. ಹಾಳೆಯನ್ನು ಉದ್ದಕ್ಕೆ ನಡುವೆ ಮಡಿಸಿ, ಪೆನ್ಸಿಲಿನಿಂದ ಒತ್ತಿ ಅಚ್ಚು ತೆಗೆದ. ಬಿಡಿಸಿ ಫೋಟೋ ಪಕ್ಕ ಇಟ್ಟ.

ಕೂಡಲಿಲ್ಲ.

ಕೆಳಗಡೆ ಅಲ್ಲ, ಅಲ್ಲಿ ಏನಿದೆಯೋ ಕಾಣುವುದೇ ಇಲ್ಲ. ಮೇಲೇ ಕೂಡಲಿಲ್ಲ. ಮಡಿಸಿದ ಹಾಳೆಯ ಪ್ರಕಾರ 1-4ರಿಂದ ಕೊಕ್ಕೆ ಒಳಕ್ಕೆ, 1-3ಕ್ಕೆ ಬರಬೇಕು. ಫೋಟೋದಲ್ಲಿ ಅದು ಹೊರಗಡೆ ಇಳಿದು 2-5ಕ್ಕೆ ಹೋಗಿತ್ತು. ಬಲಗಡೆಯ ತುದಿ 4-7ರಿಂದ ಕೊಕ್ಕೆ ಮೇಲಕ್ಕೆ ಹೋಗಬೇಕು. ಫೋಟೋದಲ್ಲಿ ಕೆಳಕ್ಕೆ ಇಳಿದು ಫ್ರಾಕಿನ ಅಡಿ ಮಾಯವಾಗಿತ್ತು.

ಮಾರನೇ ದಿನ ಮಧ್ಯಾಹ್ನದವರೆಗೂ ಅದೇ. ಅಡ್ಡಕ್ಕೆ ಮಡಿಸಿದ, ಓರೆಗೆ ಮಡಿಸಿದ. ಎಲ್ಲಿ ಮಡಿಸಿದರೂ ಎರಡು ಮೂರು ಕೊಕ್ಕೆ ಜಗಳಕ್ಕೆ ಬರುತ್ತಿದ್ದವು.

"ಅಜ್ಜಿ, ಮುತ್ತಜ್ಜಿ ತಪ್ಪು ಮಾಡಿದ್ದಾರೆ ಅನ್ಸುತ್ತೆ."

ಅಜ್ಜಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದರು. ಕೈ ನಿಂತಿತು. "ಅವರಾ? ಇಲ್ಲ ಪುಟ್ಟ. ಅವರ ಕೈ ತಪ್ಪಿದ್ದು ನಾನು ನೋಡಿಲ್ಲ."

"ಮತ್ತೆ ಎರಡು ಕಡೆ ಒಂದೇ ಥರ ಇಲ್ಲವಲ್ಲ."

ಅಜ್ಜಿ ಸ್ವಲ್ಪ ಹೊತ್ತು ಬಾಗಿಲಿನ ಕಡೆ ನೋಡಿದರು, ಅಂಗಳದಲ್ಲಿ ಯಾರೋ ಇದ್ದಾರೇನೋ ಎನ್ನುವಂತೆ. "ಒಂದು ನೆನಪಿದೆ. ಬೇರೆ ರಂಗೋಲಿ ಎಲ್ಲ ನಿಂತ ಕಡೆಯೇ ಬಗ್ಗಿ ಹಾಕಿ ಮುಗಿಸೋರು. ಇದಕ್ಕೆ ಮಾತ್ರ ಸುತ್ತ ಬರೋರು. ಒಂದು ಎಳೆ ತಮ್ಮ ಕಡೆಗೆ ಎಳ್ಕೊಳ್ಳೋರು, ಒಂದು ಹೆಜ್ಜೆ ಪಕ್ಕಕ್ಕೆ ಇಡೋರು, ಇನ್ನೊಂದು ಎಳ್ಕೊಳ್ಳೋರು. ಪ್ರದಕ್ಷಿಣೆ ಹಾಕ್ದಂಗೆ. ನಾನು ಹೊಸ್ತಿಲಲ್ಲಿ ನಿಂತು ಕಾಫಿ ಆರೋಗುತ್ತೆ ಬನ್ನಿ ಅಂತಿದ್ದೆ."

ಸಮರ್ಥ ಹಾಳೆಯನ್ನೇ ನೋಡಿದ. ಸುತ್ತ ಬರೋರು. ಪ್ರತಿ ಸಲವೂ ಕೈ ಮಾಡಿದ್ದು ಒಂದೇ ಕೆಲಸ: ನಡುವಿನಿಂದ ತಮ್ಮ ಕಡೆಗೆ ಎಳೆ, ತುದಿಯಲ್ಲಿ ತಮ್ಮ ಎಡಕ್ಕೆ ಕೊಕ್ಕೆ. ಮೇಲುಗಡೆ ನಿಂತವರ ಎಡ ಬೇರೆ, ಕೆಳಗಡೆ ನಿಂತವರ ಎಡ ಬೇರೆ. ಹಾಗಾದರೆ ಹಾಳೆಯನ್ನು ಮಡಿಸಬಾರದು. ತಿರುಗಿಸಬೇಕು.

ಅಡುಗೆಮನೆಯಿಂದ ಬಟರ್ ಪೇಪರ್ ತಂದ. ಕಾಣುವ ಎಳೆಗಳನ್ನೆಲ್ಲ ಅದರ ಮೇಲೆ ಇಳಿಸಿಕೊಂಡ. 4-4ಕ್ಕೆ ಗುಂಡುಸೂಜಿ ಚುಚ್ಚಿ ಮೆಲ್ಲಗೆ ತಿರುಗಿಸಿದ. ಕೊಕ್ಕೆಗಳು ಈ ಸಲ ಸರಿಯಾದ ದಿಕ್ಕಿಗೇ ನೋಡುತ್ತಿದ್ದವು. ಆದರೆ ಚುಕ್ಕಿಯ ಮೇಲೆ ಚುಕ್ಕಿ ಕೂರಲಿಲ್ಲ. ಸ್ವಲ್ಪದರಲ್ಲಿ ತಪ್ಪುತ್ತಿತ್ತು, ಕೆಲವು ಒಳಗೆ, ಕೆಲವು ಹೊರಗೆ.

ಇಷ್ಟು ಹತ್ತಿರ ಬಂದು ತಪ್ಪಿದರೆ ಅಳು ಬರುತ್ತದೆ. ಅವನಿಗೂ ಬಂತು. ಎದ್ದು ಹೋಗಿ ಕೇರಂ ಬೋರ್ಡು ಹಾಕಿದ. ಒಬ್ಬನೇ ಆಡೋಣ ಅಂತ ಕಾಯಿ ಜೋಡಿಸಿದ. ನಡುವೆ ಕೆಂಪು, ಸುತ್ತ 6, ಅದರ ಸುತ್ತ 12. ಸಂದಿಗೆ ಸಂದಿ ಒತ್ತಿಕೊಂಡು ಕೂತವು.

ಸಂದಿಗೆ ಸಂದಿ!

ಕೇರಂ ಕಾಯಿಗಳು 19. ಇನ್ನೊಂದು ಸುತ್ತು ಇದ್ದಿದ್ದರೆ? ಅದಕ್ಕೆ 18 ಬೇಕು. 1, 6, 12, 18. ಕೂಡಿದರೆ 37. ಸಾಲು ಸಾಲಾಗಿ ಎಣಿಸಿದ್ದನ್ನೇ ಅವನು ಈಗ ಸುತ್ತು ಸುತ್ತಾಗಿ ಎಣಿಸಿದ್ದ. ತಪ್ಪಾಗಿದ್ದು ಮುತ್ತಜ್ಜಿಯದಲ್ಲ, ಚೌಕಳಿ ಪುಸ್ತಕದ್ದು. ಅದರಲ್ಲಿ ಪಕ್ಕದ ಚುಕ್ಕಿ ಎರಡು ಮನೆ ದೂರ, ಓರೆಯ ಚುಕ್ಕಿ ಅದಕ್ಕಿಂತ ಜಾಸ್ತಿ ದೂರ. ಕೇರಂ ಕಾಯಿಗಳಿಗೆ ಆ ಭೇದ ಇಲ್ಲ. ನಡುವಿನದಕ್ಕೆ ಆರೂ ಒಂದೇ ದೂರ.

ಬಿಳಿ ಹಾಳೆಯ ಮೇಲೆ ಕಾಯಿ ಜೋಡಿಸಿ, ಸುತ್ತ ಪೆನ್ಸಿಲ್ ಎಳೆದು, ಒಳಗಿನ ಕಾಯಿಗಳನ್ನೇ ಕಿತ್ತು ಹೊರಗಿನ ಸುತ್ತಿಗೆ ಇಟ್ಟು, 37 ದುಂಡುಗಳನ್ನು ಮಾಡಿಕೊಂಡ. ಪ್ರತಿಯೊಂದರ ನಡುವೆ ಒಂದು ಚುಕ್ಕಿ. ಎಳೆಗಳನ್ನು ವಿಳಾಸ ನೋಡಿ ಮತ್ತೆ ಎಳೆದ. ಹೊಸ ಬಟರ್ ಪೇಪರ್ ಇಟ್ಟು, ಸೂಜಿ ಚುಚ್ಚಿ, ವೃತ್ತದ ಆರನೇ ಒಂದು ಭಾಗ ತಿರುಗಿಸಿದ. 60 ಡಿಗ್ರಿ.

ಕೂತಿತು. 1-1ರ ಎಳೆ 1-4ರ ಮೇಲೆ ಹೋಗಿ, ಅದರ ಕೊಕ್ಕೆ 2-5ರ ಮೇಲೆ ಕೂತಿತು, ಫೋಟೋದಲ್ಲಿದ್ದ ಹಾಗೇ. ಇನ್ನೊಂದು ಸಲ ತಿರುಗಿಸಿದರೆ ಅದೇ ಎಳೆ 4-7ಕ್ಕೆ ಬಂದು, ಕೊಕ್ಕೆ ಕೆಳಗೆ 5-6ಕ್ಕೆ ಇಳಿಯಿತು. ಫ್ರಾಕಿನ ಅಡಿ ಮಾಯವಾದ ತುದಿ ಅಲ್ಲಿತ್ತು. ಮೂರನೇ ಸಲ ತಿರುಗಿಸಿದಾಗ ಯಾರೂ ನೋಡದ ಎಳೆ ಬಂತು. 5-4, 6-4, 7-4. ಅಲ್ಲಿಂದ ಕೊಕ್ಕೆ 7-3ಕ್ಕೆ.

ಸುಮ್ನೆ ಒಂದು ಸಲ ಬಟರ್ ಪೇಪರನ್ನು ಮಗುಚಿ ಹಾಕಿಯೂ ನೋಡಿದ. ಆರೂ ಕೊಕ್ಕೆಗಳು ಉಲ್ಟಾ ದಿಕ್ಕಿಗೆ ತಿರುಗಿ ಕೂತವು. ಮತ್ತೆ ಸರಿಮಾಡಿದ.

ಹಬ್ಬದ ಬೆಳಗ್ಗೆ ಕತ್ತಲಿರುವಾಗಲೇ ಅಂಗಳ ಗುಡಿಸಿ ನೀರು ಹಾಕಿದರು. ಅಜ್ಜಿ ಸ್ಟೂಲಿನ ಮೇಲೆ ಕೂತು ಚುಕ್ಕಿ ಇಡಿಸಿದರು. ಅವರ ಮಂಡಿ ಬಗ್ಗುತ್ತಿರಲಿಲ್ಲ. ಆದರೂ ಮೊದಲ ಎಳೆ ತಾನೇ ಹಾಕಬೇಕೆಂದು ಹಟ ಮಾಡಿ ಎದ್ದರು. ಸಮರ್ಥನ ಭುಜ ಹಿಡಿದು ಬಗ್ಗಿ, ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ಬಿಡುತ್ತಾ ನಡುವಿನಿಂದ ತಮ್ಮ ಕಡೆಗೆ ಎಳೆದರು. ತುದಿಯಲ್ಲಿ ಕೈ ತಾನಾಗಿ ಎಡಕ್ಕೆ ತಿರುಗಿತು.

"ಹೂಂ" ಎಂದರು. "ಹೀಗೇ. ಕೊಕ್ಕೆ ಎಲ್ಲಿಗೆ ಹೋಯ್ತೋ ಆ ಕಡೆಗೇ ಹೆಜ್ಜೆ ಇಡೋರು."

ಮುಂದಿನ ನಾಲ್ಕು ಸಮರ್ಥ ಹಾಕಿದ. ಎಳೆ ದಪ್ಪ ಸಣ್ಣ ಆಯಿತು, ಅಜ್ಜಿ ಏನೂ ಅನ್ನಲಿಲ್ಲ. ಐದು ಮುಗಿದಾಗ ಅವನು ಪುಡಿಯ ಬಟ್ಟಲು ಹಿಡಿದು ಬಾಗಿಲ ಕಡೆ ನೋಡಿದ. ಅಮ್ಮ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದರು.

"ಇದು ನಿಂದು ಅಮ್ಮ. ನೀನು ಮುಚ್ಚಿಕೊಂಡು ಕೂತಿದ್ಯಲ್ಲ, ಅದು."

"ನಂಗೆ ರಂಗೋಲಿ ಬರಲ್ಲ ಕಣೋ."

"4-4ರಿಂದ ಶುರು ಮಾಡು. 5-4, 6-4, 7-4. ಆಮೇಲೆ ಎಡಕ್ಕೆ."

"ಯಾರ ಎಡಕ್ಕೆ?"

"ನಿನ್ನ ಎಡಕ್ಕೆ" ಎಂದರು ಅಜ್ಜಿ, ಸಮರ್ಥ ಹೇಳುವ ಮೊದಲೇ.

ಅಮ್ಮ ಬಗ್ಗಿದರು.